ಮನೆ ಮಾರುತ್ತೀರಾ ಎಂದು ಕೇಳದ ಪತ್ರ

ಮನೆ, ಸೈಟುಗಳ ಮಾರಾಟದಲ್ಲಿ ಮಧ್ಯವರ್ತಿಯಾಗಿ ಹೊಸದಾಗಿ ಕೆಲಸ ಶುರು ಮಾಡುವವರು ತಾವು ಆರಿಸಿಕೊಂಡ ಬಡಾವಣೆಯ ಮನೆ ಮಾಲೀಕರಿಗೆ ಮೊದಲು ಕಳಿಸುವುದು ಪರಿಚಯ ಪತ್ರ. ಅದು ಒಂದು ಪುಟ ಮೀರುವುದಿಲ್ಲ. ತಾವು ಯಾರು, ಏನು ಕೆಲಸ ಮಾಡಿಕೊಡುತ್ತೇವೆ, ಅದಕ್ಕೆ ಎಷ್ಟು ಪಡೆಯುತ್ತೇವೆ, ಬೇಕಾದಾಗ ಎಲ್ಲಿ ಸಿಗುತ್ತೇವೆ ಎಂಬುದಷ್ಟೇ ಅದರ ವಿಷಯ. ಅಮೆರಿಕದ ಏಜೆಂಟರು ಹೀಗೆ ಒಂದೇ ಪ್ರದೇಶಕ್ಕೆ ವರ್ಷಗಟ್ಟಲೆ ಪತ್ರ ಬರೆಯುವ ಪದ್ಧತಿಯನ್ನು ‘ಫಾರ್ಮಿಂಗ್’, ಅಂದರೆ ಬೇಸಾಯ, ಎನ್ನುತ್ತಾರೆ. ಬಿತ್ತಿದ ಮರುದಿನವೇ ಕೊಯ್ಲು ಕೇಳಬಾರದೆಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ.

ಬೆಂಗಳೂರಿನಲ್ಲಿ ಈ ಕೆಲಸ ಬಹುಕಾಲ ಬಾಯಿಮಾತಿನಲ್ಲೇ ನಡೆದಿದೆ. ಬೀದಿ ಕೊನೆಯ ಅಂಗಡಿಯವರು, ಇಸ್ತ್ರಿಯವರು, ಬಾಡಿಗೆ ಮನೆ ತೋರಿಸುವ ಬ್ರೋಕರ್ ಇವರೇ ಸುದ್ದಿಯ ಮೂಲ. ಬಡಾವಣೆಗೆ ಹೊಸಬರಾದವರಿಗೆ ಆ ಪರಿಚಯಗಳಿರುವುದಿಲ್ಲ. ಅವರ ಕೈಯಲ್ಲಿರುವ ದಾರಿ ಪತ್ರ ಮಾತ್ರ. ಆ ಪತ್ರ ಮನೆಯವರ ಮೇಲೆ ಒತ್ತಡ ಹಾಕಿದರೆ ಹಾಗೇ ಕಸದ ಬುಟ್ಟಿ ಸೇರುತ್ತದೆ. ಅಷ್ಟೇ ಆದರೆ ಪರವಾಗಿಲ್ಲ. ಕೆಲವೊಮ್ಮೆ ಅದು ಕಳಿಸಿದವರ ಹೆಸರನ್ನೇ ಆ ಬೀದಿಯಲ್ಲಿ ಕೆಡಿಸಿಬಿಡುತ್ತದೆ.

ಆ ಪ್ರಶ್ನೆ ಚುಚ್ಚುವುದು ಏಕೆ

“ನಿಮ್ಮ ಮನೆ ಮಾರುತ್ತೀರಾ?” ಎಂಬ ಪ್ರಶ್ನೆ ಕೇಳುವವರಿಗೆ ವ್ಯಾಪಾರದ ಮಾತು. ಕೇಳಿಸಿಕೊಳ್ಳುವವರಿಗೆ ಅದು ಬೇರೆಯೇ. ಹಳೆಯ ಬಡಾವಣೆಯಲ್ಲಿ ಮನೆ ಮಾರುವುದೆಂದರೆ ಅದರ ಹಿಂದೆ ಏನೋ ನಡೆದಿದೆ ಎಂದೇ ಜನ ಊಹಿಸುತ್ತಾರೆ: ಸಾಲ ಆಗಿದೆ, ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು ಇದೆ, ಇಲ್ಲವೇ ಮಕ್ಕಳು ತಂದೆ ತಾಯಿಯನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಮಾರುವ ಯೋಚನೆಯೇ ಇಲ್ಲದ ಮನೆಗೆ ಇಂಥ ಪತ್ರ ಬಂದರೆ “ನಮ್ಮ ಬಗ್ಗೆ ಇವರಿಗೆ ಯಾರು ಹೇಳಿದರು?” ಎಂಬ ಕಸಿವಿಸಿ ಹುಟ್ಟುತ್ತದೆ. ಯೋಚನೆ ಇರುವ ಮನೆಯಲ್ಲಿ ಇನ್ನೂ ಕಷ್ಟ. ಒಳಗೊಳಗೇ ನಡೆಯುತ್ತಿರುವ ಮಾತು ಹೊರಗೆ ಹೋಯಿತೇ ಎಂಬ ಭಯ ಅಲ್ಲಿ ಕಾಡುತ್ತದೆ.

ಇದಕ್ಕೆ ಇನ್ನೊಂದು ಭಯ ಸೇರುತ್ತದೆ. ಮಕ್ಕಳೆಲ್ಲ ಹೊರದೇಶದಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ನಕಲಿ ಕಾಗದಪತ್ರ, ಸುಳ್ಳು ಜಿ.ಪಿ.ಎ.ಗಳ ಸುದ್ದಿ ಪತ್ರಿಕೆಯಲ್ಲಿ ಓದಿ ಗೊತ್ತಿರುತ್ತದೆ. ಗುರುತಿಲ್ಲದವರೊಬ್ಬರು ತಮ್ಮ ಮನೆಯ ಅಳತೆ, ತಮ್ಮ ಹೆಸರು, ಮೊಬೈಲ್ ನಂಬರ್ ಎಲ್ಲವನ್ನೂ ತಿಳಿದುಕೊಂಡು ಬರೆದಿದ್ದಾರೆಂದರೆ ಅವರಿಗೆ ಆಗುವುದು ಅಚ್ಚರಿಯಲ್ಲ, ಆತಂಕ. ಮತದಾರರ ಪಟ್ಟಿಯಿಂದಲೋ ತೆರಿಗೆ ದಾಖಲೆಯಿಂದಲೋ ಹೆಸರು ಹುಡುಕಿ “ಪ್ರೀತಿಯ ಇಂಥವರೇ” ಎಂದು ಬರೆದರೆ ಆಪ್ತವಾಗಿ ಕಾಣುತ್ತದೆ ಎಂದು ಹೊಸ ಏಜೆಂಟರು ಭಾವಿಸುವುದುಂಟು. ಫಲ ಅದಕ್ಕೆ ತಿರುಗುಮುರುಗು.

ಆದ್ದರಿಂದ ಒತ್ತಡವಿಲ್ಲದ ಪತ್ರ ಎಂದರೆ ಮೆತ್ತನೆಯ ಪದಗಳಿರುವ ಪತ್ರ ಎಂದಲ್ಲ. ಮನೆಯವರು ಅದಕ್ಕೆ ಉತ್ತರ ಕೊಡದೆ ಸುಮ್ಮನಿರಲು ಸಾಧ್ಯವಾಗಬೇಕು. ಸುಮ್ಮನಿದ್ದುದರಿಂದ ಅವರಿಗೆ ಏನೂ ನಷ್ಟವಾಗಬಾರದು. ಪತ್ರದ ಪ್ರತಿ ಸಾಲನ್ನೂ ಈ ಒಂದು ಅಳತೆಗೋಲಿನಿಂದ ನೋಡಬಹುದು.

ಎಷ್ಟು ಮನೆ, ಯಾವ ಬೀದಿ

ಇಡೀ ಬಡಾವಣೆಗೆ ಪತ್ರ ಹಂಚುವುದು ಹೊಸಬರು ಮಾಡುವ ಮೊದಲ ತಪ್ಪು. ಜಯನಗರವನ್ನೇ ತೆಗೆದುಕೊಳ್ಳೋಣ. 1948ರಲ್ಲಿ ಆರಂಭವಾದ ಈ ಬಡಾವಣೆ ಈಗ ಹಲವು ಬ್ಲಾಕುಗಳ, ಸಾವಿರಾರು ಮನೆಗಳ ಊರು. ಮೆಟ್ರೊ ನಿಲ್ದಾಣದ ಪಕ್ಕದ ಬೀದಿಗೂ ಒಳಗಿನ ಅಡ್ಡರಸ್ತೆಗೂ ಬೆಲೆ ಒಂದೇ ಅಲ್ಲ. ಅಂಗಡಿ ಸಾಲಿರುವ ಮುಖ್ಯರಸ್ತೆಯ ಸೈಟಿಗೂ ಉದ್ಯಾನದ ಎದುರಿನ ಮನೆಗೂ ಬರುವ ಗಿರಾಕಿಗಳು ಬೇರೆ. ಎಲ್ಲವನ್ನೂ ತಿಳಿದಿದ್ದೇನೆ ಎಂದು ಹೊಸಬರು ಬರೆದರೆ ಅದು ನಿಜವಾಗಿರುವುದಿಲ್ಲ. ಅಲ್ಲಿನವರಿಗೆ ಅದು ಗೊತ್ತಾಗದೆಯೂ ಇರುವುದಿಲ್ಲ.

ಕಾಲ್ನಡಿಗೆಯಲ್ಲಿ ಒಂದು ಗಂಟೆಯೊಳಗೆ ಸುತ್ತಿ ಬರಬಹುದಾದ ನಾಲ್ಕೈದು ಅಡ್ಡರಸ್ತೆಗಳನ್ನು ಆರಿಸಿಕೊಳ್ಳುವುದು ಸರಿಯಾದ ಆರಂಭ. ಸುಮಾರು 200 ಮನೆಗಳು ಸಿಕ್ಕರೆ ಸಾಕು. ಪತ್ರ ಬರೆಯುವ ಮೊದಲು ಆ ಬೀದಿಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದು ನೋಡಬೇಕು. ಮಾಲೀಕರೇ ಇರುವ ಮನೆ ಯಾವುದು, ಬೀಗ ಹಾಕಿರುವುದು ಯಾವುದು, ಕೆಳಗೆ ಮಾಲೀಕರಿದ್ದು ಮೇಲೆ ಬಾಡಿಗೆಯವರಿರುವುದು ಯಾವುದು, ಹಳೆಯ ಮನೆ ಒಡೆದು ಬಿಲ್ಡರ್ ಜೊತೆ ಅಪಾರ್ಟ್‌ಮೆಂಟ್ ಕಟ್ಟುತ್ತಿರುವುದು ಎಲ್ಲಿ ಎಂಬುದೆಲ್ಲ ಆಗ ತಿಳಿಯುತ್ತದೆ. ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಮನೆ ನಂಬರಿನ ಪ್ರಕಾರ ಬರೆದಿಟ್ಟುಕೊಳ್ಳಬೇಕು. ಮನೆಯವರ ಹೆಸರು, ವಯಸ್ಸು, ಖಾಸಗಿ ಸಂಗತಿ ಯಾವುದೂ ಆ ಪುಸ್ತಕದಲ್ಲಿ ಬೇಡ.

ಈ ನಡಿಗೆಯಲ್ಲೇ ಒಂದು ಮುಖ್ಯ ವಿಷಯ ಇತ್ಯರ್ಥವಾಗುತ್ತದೆ. ಮೇಲಿನ ಮಹಡಿಯ ಬಾಡಿಗೆಯವರ ಕೈಗೆ ‘ಮನೆ ಮಾರಾಟ’ದ ಪತ್ರ ಸಿಕ್ಕರೆ ತಮ್ಮನ್ನು ಖಾಲಿ ಮಾಡಿಸುತ್ತಾರೆ ಎಂದು ಅವರು ಗಾಬರಿಯಾಗುತ್ತಾರೆ. ಸಂಜೆಯೊಳಗೆ ಮಾಲೀಕರನ್ನು ಕೇಳಿಯೂ ಬಿಡುತ್ತಾರೆ. ಮಾಡದ ಯೋಚನೆಗೆ ಮಾಲೀಕರು ಸಮಜಾಯಿಷಿ ಕೊಡಬೇಕಾಗುತ್ತದೆ. ಆ ಕಿರಿಕಿರಿಗೆಲ್ಲ ಕಾರಣ ಪತ್ರ ಬರೆದವರು. ಹೀಗಾಗಿ ಮನೆಗೊಂದೇ ಪತ್ರ, ಅದೂ ಮಾಲೀಕರ ಡಬ್ಬಿಗೆ ಮಾತ್ರ.

ಮೊದಲ ಕರಡು ಮತ್ತು ಅದರ ದೋಷಗಳು

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಐದು ವರ್ಷ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದ ಮಹಿಳೆಯೊಬ್ಬರು ಕೆಲಸ ಬಿಟ್ಟು ಜಯನಗರದ ನಾಲ್ಕು ಅಡ್ಡರಸ್ತೆಗಳಲ್ಲಿ ಏಜೆಂಟ್ ಆಗಿ ಆರಂಭಿಸುತ್ತಾರೆ ಎಂದುಕೊಳ್ಳೋಣ. ಇಂಥವರ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ನಿಮ್ಮ ಮನೆಗೆ ಈಗ ಅತ್ಯುತ್ತಮ ಬೆಲೆ! ನಿಮ್ಮ ಬೀದಿಯಲ್ಲೇ ಮನೆ ಕೊಳ್ಳಲು ನಮ್ಮ ಬಳಿ ಪಾರ್ಟಿಗಳು ಸಿದ್ಧರಿದ್ದಾರೆ. ಮುಂದಿನ ದಿನಗಳಲ್ಲಿ ದರ ಇಳಿಯುವ ಸಂಭವವಿದೆ. ಜಯನಗರದ ನಂಬರ್ ಒನ್ ಸೇವೆ. ಉಚಿತ ಮೌಲ್ಯಮಾಪನಕ್ಕೆ ಇಂದೇ ಕರೆ ಮಾಡಿ. ಕಾಗದಪತ್ರಗಳ ಪ್ರತಿ ವಾಟ್ಸ್ಆ್ಯಪ್ ಮಾಡಿ.”

ಇದರಲ್ಲಿ ದೋಷ ಒಂದೆರಡಲ್ಲ. ಮೊದಲನೆಯದು, ‘ಪಾರ್ಟಿ ಸಿದ್ಧ’ ಎಂಬ ಮಾತು. ಈ ವೃತ್ತಿಯಲ್ಲಿ ಅತಿ ಹೆಚ್ಚು ಬಳಕೆಯಾಗಿ ಸವೆದಿರುವ ಸುಳ್ಳು ಅದು. ಮಾಲೀಕರು ಫೋನ್ ಮಾಡಿ “ಯಾರು ಪಾರ್ಟಿ, ಯಾವಾಗ ಬರುತ್ತಾರೆ?” ಎಂದು ಕೇಳಿದ ಕೂಡಲೇ ಬಣ್ಣ ಬಯಲಾಗುತ್ತದೆ. ನಿಜಕ್ಕೂ ಕೊಳ್ಳುವವರಿದ್ದರೆ ಮಾತ್ರ ಆ ಸಾಲು ಬರೆಯಬಹುದು. ಆಗಲೂ ಎಷ್ಟು ಅಳತೆಯ ಮನೆ ಬೇಕಾಗಿದೆ, ಎಷ್ಟರೊಳಗೆ ಎಂಬ ವಿವರ ಅದರಲ್ಲಿರಬೇಕು.

ಎರಡನೆಯದು, ದರ ಇಳಿಯುತ್ತದೆ ಎಂಬ ಬೆದರಿಕೆ. ಬಡಾವಣೆಯ ಬಗ್ಗೆ ಭಯ ಹುಟ್ಟಿಸಿ ಮನೆ ಮಾರಿಸುವುದಕ್ಕೆ ಈ ವೃತ್ತಿಯಲ್ಲಿ ಕೆಟ್ಟ ಇತಿಹಾಸವಿದೆ. ಅಮೆರಿಕದ ನಗರಗಳಲ್ಲಿ “ನಿಮ್ಮ ಬೀದಿಗೆ ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುವ ಮುಂಚೆ ಮಾರಿಬಿಡಿ” ಎಂದು ಬಿಳಿಯರನ್ನು ಹೆದರಿಸಿ, ಅವರಿಂದ ಕಡಿಮೆಗೆ ಕೊಂಡು ಕಪ್ಪು ಕುಟುಂಬಗಳಿಗೆ ಹೆಚ್ಚಿನ ಬೆಲೆಗೆ ಮಾರುವ ದಂಧೆ ದಶಕಗಟ್ಟಲೆ ನಡೆಯಿತು. ‘ಬ್ಲಾಕ್‌ಬಸ್ಟಿಂಗ್’ ಎಂದು ಹೆಸರಾದ ಇದನ್ನು 1968ರ ನ್ಯಾಯಯುತ ವಸತಿ ಕಾಯ್ದೆ ಅಲ್ಲಿ ಕಾನೂನುಬಾಹಿರವಾಗಿಸಿತು. ಜನಾಂಗದ ಮಾತಿಲ್ಲದಿದ್ದರೂ, ಭಯದಿಂದ ಮನೆ ಬಿಡಿಸುವ ಯಾವ ಸಾಲಿನಲ್ಲೂ ಅದೇ ಅನ್ಯಾಯದ ಬೀಜವಿದೆ. ಅಂಥ ಸಾಲನ್ನು ಪತ್ರದಿಂದ ಪೂರ್ತಿಯಾಗಿ ತೆಗೆದುಹಾಕಬೇಕು. ಮೆತ್ತಗೆ ತಿದ್ದಿ ಇಟ್ಟುಕೊಳ್ಳುವ ಸಾಲು ಅದಲ್ಲ.

ಮೂರನೆಯದು, ‘ಅತ್ಯುತ್ತಮ ಬೆಲೆ’. ಮನೆಯ ಒಳಗೆ ಕಾಲಿಡದೆ ಬೆಲೆ ಹೇಳಲು ಆಗುವುದಿಲ್ಲ. ಸರ್ಕಾರದ ಮಾರ್ಗಸೂಚಿ ದರ ಬೀದಿವಾರು ಸಿಗುತ್ತದೆ, ನಿಜ. ಆದರೆ ಅದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇಟ್ಟಿರುವ ದರ. ಮಾರುಕಟ್ಟೆ ಬೆಲೆ ಅದಕ್ಕಿಂತ ಬಹಳ ದೂರ ಇರಬಹುದು. ಜಾಹೀರಾತಿನಲ್ಲಿ ಕಾಣುವ ಬೆಲೆ ಮಾರುವವರು ಕೇಳುತ್ತಿರುವುದೇ ಹೊರತು ಸಿಕ್ಕಿದ್ದಲ್ಲ. ಹೊಸಬರು ಪತ್ರದಲ್ಲಿ ಚದರಡಿಗೆ ಇಂತಿಷ್ಟು ಎಂದು ಬರೆದರೆ ಆ ಅಂಕಿ ಹಿರಿಯರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮುಂದೆ ನಿಜವಾದ ವ್ಯವಹಾರಕ್ಕೆ ಕೂತಾಗ ಅದೇ ಅಡ್ಡಿಯಾಗುತ್ತದೆ.

ನಾಲ್ಕನೆಯದು, ‘ನಂಬರ್ ಒನ್’. ನಿನ್ನೆ ಆರಂಭಿಸಿದವರಿಗೆ ಆ ಮಾತು ಒಪ್ಪುವುದಿಲ್ಲ. ಹೊಸಬರು ಎಂಬುದನ್ನು ಮುಚ್ಚಿಡುವ ಬದಲು ಹೇಳಿಕೊಳ್ಳುವುದೇ ಲೇಸು. ಹೊಸಬರ ಕೈಯಲ್ಲಿ ಮನೆಗಳು ಕಡಿಮೆ, ಸಮಯ ಹೆಚ್ಚು. ಬ್ಯಾಂಕಿನಲ್ಲಿದ್ದಾಗ ನೂರಾರು ಮನೆಗಳ ದಾಖಲೆ ನೋಡಿದ ಅನುಭವ ಈ ಏಜೆಂಟರಿಗಿದೆ. ಅದು ನಿಜವಾದ ಬಂಡವಾಳ.

ಕೊನೆಯ ದೋಷವೇ ಎಲ್ಲಕ್ಕಿಂತ ದೊಡ್ಡದು. ಮೊದಲ ಪತ್ರದಲ್ಲೇ ಕಾಗದಪತ್ರಗಳ ಪ್ರತಿ ಕೇಳಬಾರದು. ಕ್ರಯಪತ್ರದ ನಕಲು ಗುರುತಿಲ್ಲದವರ ಮೊಬೈಲಿಗೆ ಹೋಗುವುದು ಮಾಲೀಕರಿಗೆ ಅಪಾಯ. ಅದನ್ನು ಬಲ್ಲ ಏಜೆಂಟರು “ಯಾರಿಗೂ ಹಾಗೆ ಕಳಿಸಬೇಡಿ” ಎಂದೇ ಹೇಳುತ್ತಾರೆ.

ಕೇಳುವ ಮೊದಲು ಕೊಡುವುದು

ದೋಷಗಳನ್ನೆಲ್ಲ ತೆಗೆದ ಮೇಲೆ ಪತ್ರದಲ್ಲಿ ಉಳಿಯುವುದು ಹೆಸರು, ವಿಳಾಸ ಮಾತ್ರ. ಅದಕ್ಕೆ ಜೀವ ಬರಬೇಕಾದರೆ ಆ ಬೀದಿಯವರಿಗೆ, ಮನೆ ಮಾರದವರಿಗೂ, ಉಪಯೋಗವಾಗುವ ಒಂದು ಸಂಗತಿ ಇರಬೇಕು. ಒಂದೇ ಸಾಕು. ಜಯನಗರದಂಥ ಹಳೆಯ ಬಡಾವಣೆಗೆ ಅದು ಸುಲಭವಾಗಿ ಸಿಗುತ್ತದೆ: ಖಾತೆಯಲ್ಲಿರುವ ಹೆಸರು.

ಇಲ್ಲಿನ ಅನೇಕ ಸೈಟುಗಳನ್ನು ಮೊದಲು ಹಂಚಿದ್ದು 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದರ ಜಾಗಕ್ಕೆ ಬಂತು. ಅಜ್ಜನ ಹೆಸರಿಗೆ ಹಂಚಿಕೆಯಾಗಿ, ಮಗ ಮನೆ ಕಟ್ಟಿ, ಮೊಮ್ಮಕ್ಕಳು ವಾಸವಿರುವ ಮನೆಗಳು ಇಲ್ಲಿ ಸಾಮಾನ್ಯ. ತೆರಿಗೆ ಪ್ರತಿ ವರ್ಷ ತಪ್ಪದೆ ಕಟ್ಟಿರುತ್ತಾರೆ, ರಸೀದಿ ಮಾತ್ರ ತೀರಿಕೊಂಡವರ ಹೆಸರಿನಲ್ಲೇ ಬರುತ್ತಿರುತ್ತದೆ. ಖಾತೆ ಎಂಬುದು ಹಕ್ಕುಪತ್ರವಲ್ಲ, ತೆರಿಗೆಯ ದಾಖಲೆ. ಹಾಗಿದ್ದರೂ 2024ರ ಅಕ್ಟೋಬರ್‌ನಿಂದ ಆಸ್ತಿಯ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ ಆ ಹೆಸರು ಸರಿಯಿಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ. ಮಾರಾಟಕ್ಕಷ್ಟೇ ಅಲ್ಲ, ಮಕ್ಕಳಿಗೆ ದಾನಪತ್ರ ಮಾಡಲು ಹೊರಟಾಗಲೂ ಇದು ಎದುರಾಗುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇವನ್ನೆಲ್ಲ ಹೊಂದಿಸಲು ತಿಂಗಳುಗಳೇ ಹಿಡಿಯಬಹುದು. ವಾರಸುದಾರರಲ್ಲಿ ಒಬ್ಬರು ಹೊರದೇಶದಲ್ಲಿದ್ದರೆ ಇನ್ನೂ ತಡ.

ಇದರ ಜೊತೆಗೆ ಋಣಭಾರ ಪ್ರಮಾಣಪತ್ರದ ವಿಷಯವಿದೆ. ರೂಢಿಯಲ್ಲಿ ಇ.ಸಿ. ಎನ್ನುವ ಇದು 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರಗಳಿಗೆ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ನಲವತ್ತು ಐವತ್ತು ವರ್ಷದ ಮನೆಗೆ ಈ ಎರಡೂ ಬೇಕಾಗುತ್ತವೆ. ಆದರೆ ಪರಿಚಯ ಪತ್ರಕ್ಕೆ ಎರಡನ್ನೂ ತುರುಕಿದರೆ ಅದು ಪಾಠವಾಗುತ್ತದೆ. ಖಾತೆಯ ಹೆಸರನ್ನು ಮೊದಲ ಪತ್ರಕ್ಕೂ ಇ.ಸಿ.ಯನ್ನು ಎರಡನೆಯದಕ್ಕೂ ಇಟ್ಟುಕೊಳ್ಳುವುದು ಒಳ್ಳೆಯದು.

ತಿದ್ದಿದ ಪತ್ರ

ಇಷ್ಟನ್ನು ಇಟ್ಟುಕೊಂಡು ಅದೇ ಏಜೆಂಟರ ಪತ್ರ ಹೀಗೆ ರೂಪುಗೊಳ್ಳುತ್ತದೆ:

“ಮಾನ್ಯರೇ, ನಮಸ್ಕಾರ.

ಜಯನಗರದ ಈ ನಾಲ್ಕು ಅಡ್ಡರಸ್ತೆಗಳಲ್ಲಿ ಮನೆ ಮಾರಾಟ ಮತ್ತು ಖರೀದಿಯ ಏಜೆಂಟ್ ಆಗಿ ಈ ವರ್ಷ ಕೆಲಸ ಆರಂಭಿಸಿದ್ದೇನೆ. ಇದಕ್ಕೂ ಮೊದಲು ಐದು ವರ್ಷ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿದ್ದೆ. ಮನೆಯ ದಾಖಲೆಗಳನ್ನು ನೋಡುವುದು ಅಲ್ಲಿ ನನ್ನ ಕೆಲಸವಾಗಿತ್ತು. ಮುಂದೆ ಎಂದಾದರೂ ನಿಮ್ಮಲ್ಲಿ ಮನೆ ಮಾರುವ ಅಥವಾ ಕೊಳ್ಳುವ ಮಾತು ಬಂದರೆ ನಾನೂ ಒಬ್ಬಳು ಇಲ್ಲಿದ್ದೇನೆ ಎಂದು ತಿಳಿಸಲು ಈ ಪತ್ರ. ಇದೇ ಒಕ್ಕಣೆಯ ಪತ್ರವನ್ನು ಈ ರಸ್ತೆಗಳ ಎಲ್ಲ ಮನೆಗಳಿಗೂ ಕಳಿಸಿದ್ದೇನೆ.

ಮಾರುವ ಯೋಚನೆ ಇಲ್ಲದವರೂ ಒಮ್ಮೆ ನೋಡಿಕೊಳ್ಳಬಹುದಾದ ಒಂದು ವಿಷಯವಿದೆ. ನಿಮ್ಮ ಮನೆಯ ತೆರಿಗೆ ರಸೀದಿಯಲ್ಲಿ ಯಾರ ಹೆಸರಿದೆ? ತೀರಿಕೊಂಡ ಹಿರಿಯರ ಹೆಸರೇ ಇದ್ದರೆ, ಮುಂದೆ ದಾನಪತ್ರ, ವಿಭಾಗ, ಮಾರಾಟ ಯಾವುದಕ್ಕೆ ಹೊರಟರೂ ಮೊದಲು ಖಾತೆ ವರ್ಗಾವಣೆ ಆಗಬೇಕಾಗುತ್ತದೆ. ಬೇಕಾಗುವ ದಾಖಲೆಗಳ ಪಟ್ಟಿಯನ್ನು ಹಿಂಬದಿಯಲ್ಲಿ ಕೊಟ್ಟಿದ್ದೇನೆ. ಅರ್ಜಿಯನ್ನು ನೀವೇ ಹಾಕಬಹುದು. ಮಧ್ಯವರ್ತಿಗಳು ಬೇಕಿಲ್ಲ. ದಾಖಲೆಗಳ ಪ್ರತಿಯನ್ನು ನನಗೂ ಸೇರಿ ಯಾರಿಗೂ ಮೊಬೈಲಿನಲ್ಲಿ ಕಳಿಸಬೇಡಿ.

ಮನೆ ಮಾರಾಟ ಮಾಡಿಸಿಕೊಟ್ಟರೆ ಬೆಲೆಯ ಶೇಕಡ 1ರಷ್ಟು ಪಡೆಯುತ್ತೇನೆ. ನೋಂದಣಿ ಆಗುವ ದಿನದವರೆಗೆ ಏನನ್ನೂ ಕೇಳುವುದಿಲ್ಲ. ಕಾಗದಪತ್ರಗಳನ್ನು ವಕೀಲರೇ ಪರಿಶೀಲಿಸುತ್ತಾರೆ. ಅವರನ್ನು ನೀವೇ ಆರಿಸಿಕೊಳ್ಳಬಹುದು.

ನಾನಾಗಿ ನಿಮ್ಮ ಮನೆಗೆ ಬರುವುದಿಲ್ಲ, ಫೋನ್ ಮಾಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಇಂಥದೇ ಒಂದು ಪತ್ರ ಕಳಿಸುವ ಯೋಚನೆ ಇದೆ. ಬೇಡವೆನಿಸಿದರೆ ಕೆಳಗಿನ ನಂಬರಿಗೆ ಮನೆ ನಂಬರು ಬರೆದು ‘ಬೇಡ’ ಎಂದಷ್ಟೇ ತಿಳಿಸಿ, ನಿಲ್ಲಿಸುತ್ತೇನೆ.

ಇಂತಿ ನಮಸ್ಕಾರಗಳು.”

ಕೆಳಗೆ ಕೈಬರಹದ ಸಹಿ, ಪೂರ್ಣ ಹೆಸರು, ಕೂತು ಕೆಲಸ ಮಾಡುವ ಜಾಗದ ವಿಳಾಸ, ಒಂದು ಫೋನ್ ನಂಬರ್, ಸಿಗುವ ಹೊತ್ತು ಇರುತ್ತವೆ.

ಈ ಪತ್ರದ ಕೆಲವು ಸಾಲುಗಳು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ‘ಎಲ್ಲ ಮನೆಗಳಿಗೂ ಕಳಿಸಿದ್ದೇನೆ’ ಎಂಬ ಸಾಲು “ನಮಗೇ ಯಾಕೆ ಬಂತು” ಎಂಬ ಕಸಿವಿಸಿಯನ್ನು ಅಲ್ಲೇ ತೆಗೆಯುತ್ತದೆ. ‘ತಿಳಿಸಲು ಈ ಪತ್ರ’ ಎಂದು ಉದ್ದೇಶವನ್ನು ನೇರವಾಗಿ ಹೇಳಿರುವುದೂ ಮುಖ್ಯ. ಬರಿಯ ಸಮಾಜಸೇವೆಯೆಂಬಂತೆ ಖಾತೆಯ ವಿಷಯ ಬರೆದು, ವ್ಯಾಪಾರದ ಉದ್ದೇಶವನ್ನು ಮರೆಮಾಡಿದ್ದರೆ ಅದು ಒತ್ತಡಕ್ಕಿಂತ ಕೆಟ್ಟದ್ದಾಗುತ್ತಿತ್ತು. ‘ಅರ್ಜಿಯನ್ನು ನೀವೇ ಹಾಕಬಹುದು’ ಎಂದಾಗ ಕೊಟ್ಟ ಸಲಹೆ ಗಾಳವಲ್ಲ ಎಂಬುದು ಖಚಿತವಾಗುತ್ತದೆ. ಕಮಿಷನ್ ಎಷ್ಟೆಂದು ಮೊದಲೇ ಬರೆಯುವುದು ಈ ವೃತ್ತಿಯಲ್ಲಿ ಅಪರೂಪ. ಹಳೆಯ ಮನೆಗಳ ಮಾರಾಟದಲ್ಲಿ ಶೇಕಡ 1ರಿಂದ 2 ಎಂಬುದು ಬೆಂಗಳೂರಿನ ವಾಡಿಕೆ, ಕಾನೂನು ನಿಗದಿ ಮಾಡಿದ್ದಲ್ಲ. ಅಂಕಿಯನ್ನು ಮುಚ್ಚಿಟ್ಟಷ್ಟೂ ಅನುಮಾನ ಹೆಚ್ಚುತ್ತದೆ.

ಬರೆದ ಮಾತಿಗೆ ಹೊಣೆ

ಏಜೆಂಟರ ಮಾತಿಗೆ ಕಾನೂನಿನ ಹಿಡಿತವೂ ಇದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ‘ರೇರಾ’, ನೋಂದಾಯಿತ ಯೋಜನೆಗಳ ಫ್ಲ್ಯಾಟ್, ಸೈಟುಗಳನ್ನು ಮಾರಿಸುವ ಏಜೆಂಟರು ಮೊದಲು ತಾವು ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ. ತಮ್ಮ ನೋಂದಣಿ ಸಂಖ್ಯೆಯನ್ನು ವ್ಯವಹಾರದಲ್ಲಿ ನಮೂದಿಸಬೇಕು, ಇಲ್ಲದ ಗುಣಮಟ್ಟ ಇದೆಯೆಂದು ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ಹೇಳಬಾರದು ಎಂದೂ ವಿಧಿಸುತ್ತದೆ. ಐವತ್ತು ವರ್ಷದ ಒಂಟಿ ಮನೆಯ ಮರುಮಾರಾಟ ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅದೇ ಏಜೆಂಟರು ನಾಳೆ ಅದೇ ಬೀದಿಯ ನೋಂದಾಯಿತ ಹೊಸ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ತೋರಿಸಬೇಕಾದರೆ ನೋಂದಣಿ ಬೇಕು. ನೋಂದಣಿ ಇದ್ದರೆ ಸಂಖ್ಯೆಯನ್ನು ಸಹಿಯ ಕೆಳಗೆ ಬರೆಯಬೇಕು. ಇಲ್ಲದಿದ್ದರೆ ‘ಸರ್ಕಾರಿ ಮಾನ್ಯತೆ ಪಡೆದ’ ಎಂಬಂಥ ಮಾತು ಎಲ್ಲೂ ಬರಬಾರದು.

ತೆರಿಗೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಮನೆ ಮಾರಿದವರ ಲಾಭದ ಮೇಲಿನ ತೆರಿಗೆ ಲೆಕ್ಕ 2024ರ ಜುಲೈನಲ್ಲಿ ಬದಲಾಯಿತು. ಅದಕ್ಕೂ ಹಿಂದೆ ಕೊಂಡ ಆಸ್ತಿಗೆ, ದೇಶದಲ್ಲೇ ಇರುವವರಿಗೆ ಎರಡು ಬಗೆಯ ಲೆಕ್ಕದಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದೆ. ಹೊರದೇಶದಲ್ಲಿ ನೆಲೆಸಿದ ಮಕ್ಕಳ ಹೆಸರಲ್ಲಿ ಮನೆ ಇದ್ದರೆ ಲೆಕ್ಕ ಬೇರೆ, ಕೊಳ್ಳುವವರು ಮುಂಗಡವಾಗಿ ಹಿಡಿದುಕೊಳ್ಳುವ ತೆರಿಗೆಯೂ ಹೆಚ್ಚು. ಇದನ್ನು ಒಂದೆರಡು ಸಾಲಿನಲ್ಲಿ ಬರೆದು ‘ತೆರಿಗೆ ಉಳಿಸಿಕೊಡುತ್ತೇವೆ’ ಎನ್ನುವುದು ಹೊಸಬರ ಕೆಲಸವಲ್ಲ. ಆಡಿಟರನ್ನು ಕೇಳಿ ಎನ್ನುವುದೇ ಸರಿಯಾದ ಉತ್ತರ.

ಲಕೋಟೆ, ಅಂಚೆ, ಕಾಲ

ಪತ್ರ ತಲುಪುವ ಬಗೆಯಲ್ಲೂ ಒತ್ತಡ ಇರಬಹುದು, ಇಲ್ಲದಿರಬಹುದು. ದಿನಪತ್ರಿಕೆಯ ನಡುವೆ ಬರುವ ಬಣ್ಣದ ಚೀಟಿಯನ್ನು ಯಾರೂ ಪತ್ರವೆಂದು ಭಾವಿಸುವುದಿಲ್ಲ. ಗೇಟಿಗೆ ಸಿಕ್ಕಿಸಿ ಹೋದ ಕಾಗದವನ್ನು ದಾರಿಹೋಕರು ಓದಬಹುದು. ಊರಿಗೆ ಹೋದವರ ಗೇಟಿನಲ್ಲಿ ಅದು ನಾಲ್ಕು ದಿನ ಹಾಗೇ ಇದ್ದರೆ ಮನೆ ಖಾಲಿ ಇದೆ ಎಂದು ಸಾರಿ ಹೇಳಿದಂತೆ. ಗಂಟೆ ಒತ್ತಿ ಕೈಗೆ ಕೊಟ್ಟರೆ ಮನೆಯವರು ಅಲ್ಲೇ ಏನಾದರೂ ಹೇಳಬೇಕಾಗುತ್ತದೆ.

ಅಂಟಿಸಿದ ಬಿಳಿ ಲಕೋಟೆಯ ಮೇಲೆ ‘ಮನೆ ಮಾಲೀಕರಿಗೆ’ ಎಂದು ಬರೆದು, ಮನೆ ನಂಬರು, ಅಡ್ಡರಸ್ತೆ, ಬ್ಲಾಕ್, ಪಿನ್‌ಕೋಡ್ ಹಾಕಿ ಅಂಚೆಗೆ ಹಾಕುವುದೇ ಸೂಕ್ತ ದಾರಿ. ಕಳಿಸಿದವರ ಹೆಸರು, ವಿಳಾಸ ಹಿಂಬದಿಯಲ್ಲಿರಬೇಕು. 20 ಗ್ರಾಂ ಒಳಗಿನ ಪತ್ರಕ್ಕೆ 5 ರೂಪಾಯಿ ಅಂಚೆಚೀಟಿ ಎಂದರೆ 200 ಮನೆಗೆ 1,000 ರೂಪಾಯಿ. ಮುದ್ರಣ, ಲಕೋಟೆಯ ಖರ್ಚು ಅದರ ಮೇಲೆ. ಜಯನಗರದಲ್ಲಿ ಕನ್ನಡದ ಜೊತೆ ತಮಿಳು, ತೆಲುಗು ಮನೆಮಾತಿನವರೂ ಬಹಳ ಕಾಲದಿಂದ ಇದ್ದಾರೆ. ಹೀಗಾಗಿ ಒಂದು ಹಾಳೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಅದೇ ಒಕ್ಕಣೆ ಇಂಗ್ಲಿಷಿನಲ್ಲಿ ಇಟ್ಟರೆ ಅಮೆರಿಕದಲ್ಲಿರುವ ಮಗಳಿಗೂ ಅದರ ಫೋಟೊ ತೆಗೆದು ಕಳಿಸಬಹುದು. ಮನೆಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಮಾತುಕತೆಯಲ್ಲಿ ಅನೇಕ ಬಾರಿ ಆ ಮಗಳೂ ಇರುತ್ತಾಳೆ.

ಕಾಲವನ್ನೂ ನೋಡಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆ ಖರೀದಿ, ಗೃಹಪ್ರವೇಶದ ಮಾತನ್ನು ಬಹಳ ಮಂದಿ ಆಡುವುದಿಲ್ಲ. ಪಿತೃಪಕ್ಷದಲ್ಲೂ ಹಾಗೆಯೇ. ಮಾರಾಟ ಕುದುರಿಸಲು ಅದು ಹೊತ್ತಲ್ಲದಿದ್ದರೂ ಆಷಾಢ ಮೊದಲ ಪತ್ರಕ್ಕೆ ಒಳ್ಳೆಯ ಸಮಯ. ಯಾರೂ ಅವಸರದಲ್ಲಿರುವುದಿಲ್ಲ. ಕಾಗದಪತ್ರ ಸರಿಮಾಡಿಕೊಂಡು ಶ್ರಾವಣ ಬಂದ ನಂತರ ಮುಂದುವರಿಯೋಣ ಎಂದುಕೊಳ್ಳುವವರಿಗೆ ಅದು ಹೊಂದುತ್ತದೆ. ಸಾವಾದ ಮನೆಗೆ ಮಾತ್ರ ವರ್ಷ ಕಳೆಯುವವರೆಗೆ ಪತ್ರ ಹೋಗಬಾರದು. ಖಾತೆಯ ಹೆಸರಿನ ಸಾಲು ಆ ಮನೆಯಲ್ಲಿ ಮಾಹಿತಿಯಾಗಿ ಉಳಿಯುವುದಿಲ್ಲ, ಗಾಯವಾಗುತ್ತದೆ. ಬೀದಿಯಲ್ಲಿ ನಡೆದು ನೋಡುವ ಅಭ್ಯಾಸ ಇದ್ದವರಿಗೆ ಇದು ತಿಳಿದೇ ಇರುತ್ತದೆ.

ಫೋನ್ ಬಂದಾಗ

200 ಪತ್ರಕ್ಕೆ ಒಂದೆರಡು ಫೋನ್ ಬಂದರೆ ಅದು ಸಹಜವಾದ ಫಲ. ಒಂದೂ ಬರದಿದ್ದರೂ ಪತ್ರ ವ್ಯರ್ಥವಾಯಿತೆಂದಲ್ಲ. ಬಂದ ಕರೆಗಳಲ್ಲಿ ಹೆಚ್ಚಿನವು ಮಾರಾಟದ ಬಗ್ಗೆ ಇರುವುದಿಲ್ಲ. “ನಮ್ಮ ಮಾವನವರ ಹೆಸರಲ್ಲೇ ರಸೀದಿ ಬರ್ತಾ ಇದೆ, ಅವರಿಗೆ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ, ಅವರ ಸಹಿನೂ ಬೇಕಾ?” ಎಂಬಂಥ ಪ್ರಶ್ನೆ ಬರುತ್ತದೆ. ಇಲ್ಲೇ ಪತ್ರದ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುತ್ತದೆ. ಗಂಡಸರು ವಿಲ್ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ತಾಯಿಯ ಜೊತೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಆದ್ದರಿಂದ ಅವರನ್ನು ಬಿಟ್ಟು ಮುಂದುವರಿಯಲಾಗದು, ವಕೀಲರೊಬ್ಬರಿಗೆ ತೋರಿಸಿ ಎಂದು ಹೇಳಿ ನಿಲ್ಲಿಸಬೇಕು. “ಹಾಗಾದರೆ ಮನೆ ಮಾರುವ ಯೋಚನೆ ಇದೆಯಾ?” ಎಂದು ಅದೇ ಕರೆಯಲ್ಲಿ ಸೇರಿಸಿದರೆ ಪತ್ರದಲ್ಲಿ ಉಳಿಸಿಕೊಂಡ ಗೌರವವೆಲ್ಲ ಹೋಗುತ್ತದೆ.

ಫೋನ್ ಮಾಡಿದವರ ನಂಬರನ್ನು ಮಾರಾಟದ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಅವರು ಒಂದು ಪ್ರಶ್ನೆ ಕೇಳಲು ಕೊಟ್ಟ ನಂಬರು ಅದು. ಬೇರೆ ಕೆಲಸಕ್ಕೆ ಬಳಸಬೇಕಾದರೆ ಅವರನ್ನು ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ. ವಸತಿ ಸಂಘದ ಪಟ್ಟಿಯಿಂದ ನಂಬರುಗಳನ್ನು ಯಾರದೋ ಮೂಲಕ ಪಡೆದು ಸಂದೇಶ ಕಳಿಸುವುದಂತೂ ಕೂಡದು.

ಕೆಲವರು ಬೈಯಲೂ ಫೋನ್ ಮಾಡಬಹುದು. ಅವರಲ್ಲಿ ಕ್ಷಮೆ ಕೇಳಿ, ಮನೆ ನಂಬರು ಕೇಳಿಕೊಂಡು, ಪಟ್ಟಿಯಿಂದ ತೆಗೆದುಹಾಕಬೇಕು. ವಾದ ಬೇಡ.

ಎರಡನೆಯ ಪತ್ರ ಮತ್ತು ‘ಬೇಡ’ ಪಟ್ಟಿ

ಒಂದೇ ಪತ್ರ ಬರೆದು ನಿಲ್ಲಿಸಿದರೆ ಹೆಸರು ನೆನಪಿನಲ್ಲಿ ಉಳಿಯುವುದಿಲ್ಲ. ತಿಂಗಳಿಗೆರಡು ಬರೆದರೆ ಅದು ಕಾಟ. ಮೂರು ತಿಂಗಳಿಗೊಂದರಂತೆ ವರ್ಷಕ್ಕೆ ನಾಲ್ಕು ಸಾಕು. ಪ್ರತಿ ಪತ್ರದಲ್ಲೂ ಹೊಸದೊಂದು ಉಪಯುಕ್ತ ಸಂಗತಿ ಇರಬೇಕು: ಎರಡನೆಯದರಲ್ಲಿ ಹಳೆಯ ಇ.ಸಿ. ತೆಗೆಸುವ ಬಗೆ, ಮೂರನೆಯದರಲ್ಲಿ ಮನೆ ಮಾರುವವರಿಗೂ ಕೊಳ್ಳುವವರಿಗೂ ತಗಲುವ ಖರ್ಚುಗಳು, ನಾಲ್ಕನೆಯದರಲ್ಲಿ ಹಳೆಯ ಮನೆಯನ್ನು ಬಿಲ್ಡರ್‌ಗೆ ಕೊಡುವಾಗ ಒಪ್ಪಂದದಲ್ಲಿ ನೋಡಬೇಕಾದ ಅಂಶಗಳು. ಹೇಳಲು ಹೊಸದೇನೂ ಇಲ್ಲದ ತ್ರೈಮಾಸಿಕದಲ್ಲಿ ಪತ್ರ ಕಳಿಸದಿರುವುದೇ ಉತ್ತಮ.

ಇವೆಲ್ಲದರ ಜೊತೆ ಒಂದು ಪಟ್ಟಿಯನ್ನು ಕಟ್ಟುನಿಟ್ಟಾಗಿ ಇಟ್ಟುಕೊಳ್ಳಬೇಕು. ‘ಬೇಡ’ ಎಂದವರು, ಈಗಾಗಲೇ ಬೇರೆ ಏಜೆಂಟರಿಗೆ ಮನೆ ಒಪ್ಪಿಸಿದವರು, ಸಾವು ನೋವು ಆದವರು, ಲಕೋಟೆ ವಾಪಸು ಬಂದ ಬೀಗ ಹಾಕಿದ ಮನೆಗಳು ಅದರಲ್ಲಿರುತ್ತವೆ. ಪ್ರತಿ ಬಾರಿ ಲಕೋಟೆಗೆ ವಿಳಾಸ ಬರೆಯುವ ಮೊದಲು ಆ ಪಟ್ಟಿಯನ್ನು ತೆರೆದು ನೋಡಬೇಕು. ‘ಬೇಡ’ ಎಂದ ಮನೆಗೆ ಮತ್ತೊಮ್ಮೆ ಪತ್ರ ಹೋದರೆ, ‘ನಿಲ್ಲಿಸುತ್ತೇನೆ’ ಎಂದು ಬರೆದ ಸಾಲು ಸುಳ್ಳಾಗುತ್ತದೆ. ಆ ಒಂದು ಸಾಲು ಸುಳ್ಳೆಂದು ಗೊತ್ತಾದ ಮನೆಯಲ್ಲಿ ಕಮಿಷನ್, ವಕೀಲರು, ದಾಖಲೆಗಳ ಬಗ್ಗೆ ಬರೆದ ಉಳಿದ ಸಾಲುಗಳನ್ನೂ ನಂಬಲು ಕಾರಣ ಉಳಿಯುವುದಿಲ್ಲ.